ಹೂ ಮಳೆಗೆ ಕಾಯುವ ತೋಟ: ಸೋಲಾರ್ ಪಂಪ್ ಸಾಕಾ, ಕರೆಂಟ್ ಪಂಪೇ ಬೇಕಾ?

ಫೆಬ್ರವರಿ ಕೊನೆ ಬಂತೆಂದರೆ ಕೊಡಗಿನ ರೋಬಸ್ಟಾ ಕಾಫಿ ತೋಟಗಳಲ್ಲಿ ಒಂದೇ ಮಾತು. ಮೊಗ್ಗು ಬಲಿತಿದೆ, ಮಳೆ ಇಲ್ಲ, ಸ್ಪ್ರಿಂಕ್ಲರ್ ಹಾಕಬೇಕು. ಎಲ್ಲರೂ ಅದೇ ವಾರ ಮೋಟಾರ್ ಹಾಕುತ್ತಾರೆ. ಆ ವಾರವೇ ಕರೆಂಟ್ ಕೈಕೊಡುತ್ತದೆ. ಬಂದರೂ ವೋಲ್ಟೇಜ್ ಇರುವುದಿಲ್ಲ. ಆಗ ಬರುವ ಪ್ರಶ್ನೆ: ಸಬ್ಸಿಡಿ ಸಿಗುತ್ತದಂತೆ, ಸುಮ್ನೆ ಸೋಲಾರ್ ಪಂಪ್ ಹಾಕಿಸಿಬಿಡಬಹುದಲ್ವಾ?

ಬಯಲುಸೀಮೆಯಲ್ಲಿ ದಿನಾ ಒಂದಿಷ್ಟು ನೀರು ಬೇಕಾದ ತರಕಾರಿ ಹೊಲಕ್ಕೆ ಸಿಗುವ ಉತ್ತರ ನಮ್ಮ ಕಾಫಿ ತೋಟಕ್ಕೆ ಹೊಂದುವುದಿಲ್ಲ. ಯಾಕೆ ಅಂತ ತಿಳಿಯಲು ಮೊದಲು ಕಾಫಿ ಗಿಡಕ್ಕೆ ಏನು ಬೇಕು ಅಂತ ನೋಡೋಣ. ಪಂಪಿನ ವಿಷಯ ಆಮೇಲೆ.

## ಗಿಡ ಕೇಳುವುದು ಎಷ್ಟು ನೀರು, ಎಷ್ಟು ದಿನದಲ್ಲಿ?

ರೋಬಸ್ಟಾ ಮೊಗ್ಗು ಬಲಿತ ಮೇಲೆ ಒಂದು ಒಳ್ಳೆಯ ಮಳೆಗೆ ಕಾಯುತ್ತಾ ನಿಲ್ಲುತ್ತದೆ. ಅದೇ ಹೂ ಮಳೆ. ಒಂದರಿಂದ ಒಂದೂವರೆ ಇಂಚು ನೀರು ಬಿದ್ದರೆ ವಾರ, ಹತ್ತು ದಿನದೊಳಗೆ ತೋಟ ಬೆಳ್ಳಗಾಗುತ್ತದೆ. ನೀರು ಅರ್ಧಂಬರ್ಧ ಆದರೆ ಮೊಗ್ಗು ಪೂರ್ತಿ ಅರಳದೆ ಅಲ್ಲೇ ಕೆಡುತ್ತದೆ. ಹೂ ಬಿಟ್ಟು ಎರಡು, ಎರಡೂವರೆ ವಾರಕ್ಕೆ ಇನ್ನೊಂದು ಸಲ ನೀರು ಬೇಕು. ಅದನ್ನು ನಾವು ಬ್ಯಾಕಿಂಗ್ ಅನ್ನುತ್ತೇವೆ. ಅದು ತಪ್ಪಿದರೆ ಕಟ್ಟಿದ ಕಾಯಿ ನಿಲ್ಲುವುದಿಲ್ಲ.

ರೋಬಸ್ಟಾದ ಇನ್ನೊಂದು ಗುಣ ಇದೆ. ಅದರ ಹೂವಿಗೆ ಅದೇ ಗಿಡದ ಪರಾಗ ಆಗಿಬರುವುದಿಲ್ಲ, ಬೇರೆ ಗಿಡದ್ದು ಬೇಕು. ಆದ್ದರಿಂದ ಅಕ್ಕಪಕ್ಕದ ಗಿಡಗಳು ಒಟ್ಟಿಗೆ ಹೂ ಬಿಡಬೇಕು. ಒಂದು ಗಿಡಕ್ಕೆ ಸಾಕಷ್ಟು ನೀರು ಬಿದ್ದು ಪಕ್ಕದ ಗಿಡಕ್ಕೆ ಬೀಳದಿದ್ದರೆ ನಷ್ಟ ಎರಡಕ್ಕೂ.

ಈಗ ಲೆಕ್ಕ. ಒಂದು ಎಕರೆಗೆ ಒಂದು ಇಂಚು ನೀರು ಅಂದರೆ ಸುಮಾರು 1 ಲಕ್ಷ 3 ಸಾವಿರ ಲೀಟರ್. ಒಂದೂವರೆ ಇಂಚಿಗೆ ಒಂದೂವರೆ ಲಕ್ಷ ದಾಟುತ್ತದೆ. 8 ಎಕರೆ ತೋಟಕ್ಕೆ 12 ಲಕ್ಷ ಚಿಲ್ಲರೆ ಲೀಟರ್. ಇಷ್ಟು ನೀರು ವಾರ, ಹತ್ತು ದಿನದೊಳಗೆ ಬೀಳಬೇಕು. ಬ್ಯಾಕಿಂಗ್ ಮುಗಿದು ಮಳೆ ಶುರುವಾದರೆ ಮತ್ತೆ ತಿಂಗಳುಗಟ್ಟಲೆ ಕಾಫಿಗೆ ಪಂಪು ಬೇಡ.

ವರ್ಷದಲ್ಲಿ ಕೆಲವೇ ದಿನ, ಆದರೆ ಆ ದಿನಗಳಲ್ಲಿ ಭಾರೀ ನೀರು. ಸೋಲಾರ್ ಪಂಪಿನ ಸ್ವಭಾವ ಇದಕ್ಕೆ ತಿರುಗಾಮುರುಗಾ. ಅದು ಬಿಸಿಲಿದ್ದ ದಿನವೆಲ್ಲ ಸ್ವಲ್ಪ ಸ್ವಲ್ಪವೇ ದುಡಿಯುತ್ತದೆ.

## ನೀರು ಎತ್ತುವುದು ಬೇರೆ, ಚಿಮ್ಮಿಸುವುದು ಬೇರೆ

ಪಂಪ್ ಮಾರುವವರು "ಹೆಡ್" ಅಂತ ಒಂದು ಮಾತು ಹೇಳುತ್ತಾರೆ. ಪಂಪು ನೀರನ್ನು ಎಷ್ಟು ಎತ್ತರಕ್ಕೆ ತಳ್ಳಬೇಕು ಎಂಬುದರ ಅಳತೆ ಅದು. ಆದರೆ ಕಣ್ಣಿಗೆ ಕಾಣುವ ಎತ್ತರ ಮಾತ್ರ ಅದರಲ್ಲಿ ಸೇರಿಲ್ಲ.

ಸುಂಟಿಕೊಪ್ಪದ ಕಡೆಯ ಒಂದು ತೋಟ ಅಂದುಕೊಳ್ಳೋಣ. ಕೆಳಗೆ ಗದ್ದೆಯ ಅಂಚಿಗೆ ಕೆರೆ. ಮೇಲೆ ಏರಿನಲ್ಲಿ 8 ಎಕರೆ ರೋಬಸ್ಟಾ. ಕೆರೆಯಿಂದ ತೋಟದ ಮೇಲ್ತುದಿಗೆ 20 ಮೀಟರ್ ಏರು. ಪೈಪಿನೊಳಗೆ ನೀರು ಉಜ್ಜಿಕೊಂಡು ಹೋಗುವಾಗ ಕಳೆಯುವ ಶಕ್ತಿ ಇನ್ನೊಂದು 10 ಮೀಟರ್ ಏರಿಸಿದಷ್ಟು. ಕೊನೆಗೆ ಸ್ಪ್ರಿಂಕ್ಲರ್ ತಿರುಗಿ ದೂರಕ್ಕೆ ಚಿಮ್ಮಲು 3 ಕೆಜಿ ಪ್ರೆಶರ್ ಬೇಕು. ಒಂದು ಕೆಜಿ ಪ್ರೆಶರ್ ಅಂದರೆ ನೀರನ್ನು 10 ಮೀಟರ್ ಎತ್ತಿದ ಹಾಗೆ. ಹಾಗಾಗಿ ಅದೇ 30 ಮೀಟರ್. ಒಟ್ಟು 60.

ಗಮನಿಸಿ, ಅರ್ಧ ಶ್ರಮ ಹೋಗುವುದು ಏರು ಹತ್ತಿಸುವುದಕ್ಕಲ್ಲ, ಸ್ಪ್ರಿಂಕ್ಲರ್ ಚಿಮ್ಮಿಸುವುದಕ್ಕೆ. ಇದೇ ನೀರನ್ನು ಮೇಲಿನ ತೊಟ್ಟಿಗೆ ಸುರಿದರೆ ಸಾಕು ಅಂದಿದ್ದರೆ 30 ಮೀಟರ್ ಹೆಡ್ಡಿನಲ್ಲಿ ಮುಗಿಯುತ್ತಿತ್ತು.

## ಕರೆಂಟ್ ಪಂಪಿಗೆ ಏನಾಗುತ್ತದೆ?

ಈ ತೋಟಕ್ಕೆ 10 ಎಚ್‌ಪಿ ಮೋಟಾರ್ ಇದೆ ಅಂದುಕೊಳ್ಳಿ. ವೋಲ್ಟೇಜ್ ಸರಿಯಿದ್ದರೆ 60 ಮೀಟರ್ ಹೆಡ್ಡಿನಲ್ಲಿ ಅದು ಗಂಟೆಗೆ ಸುಮಾರು 25 ಸಾವಿರ ಲೀಟರ್ ಕೊಡುತ್ತದೆ. 12 ಲಕ್ಷ ಲೀಟರಿಗೆ 50 ಗಂಟೆ. ದಿನಕ್ಕೆ 7 ಗಂಟೆ ತ್ರೀ ಫೇಸ್ ಸಿಕ್ಕಿದರೆ ಒಂದು ವಾರದ ಕೆಲಸ. ನಿಜಕ್ಕೂ 4 ಗಂಟೆ ಮಾತ್ರ ಸರಿಯಾಗಿ ಓಡಿದರೆ 12 ದಿನ ಬೇಕು.

ಕರೆಂಟ್ ಹೋದರೆ ಹೋಯಿತು, ಮೋಟಾರಿಗೆ ಅದರಿಂದ ಪೆಟ್ಟಿಲ್ಲ. ಪೆಟ್ಟು ಕೊಡುವುದು ಕಡಿಮೆ ವೋಲ್ಟೇಜ್. ಟಿಸಿಯಿಂದ ತೋಟಕ್ಕೆ ಬರುವ ತಂತಿಯನ್ನೂ ಒಂದು ಪೈಪ್ ಅಂದುಕೊಳ್ಳಿ. ಉದ್ದದ ಪೈಪಿಗೆ ಹತ್ತು ಕಡೆ ನಲ್ಲಿ ಬಿಟ್ಟರೆ ಕೊನೆಯ ಮನೆಗೆ ನೀರು ಸಣ್ಣಗೆ ಬರುತ್ತದಲ್ಲ, ಹಾಗೆಯೇ ಒಂದೇ ಟಿಸಿಯ ಮೇಲೆ ಹತ್ತು ಮೋಟಾರ್ ಒಟ್ಟಿಗೆ ಓಡಿದಾಗ ಕೊನೆಯ ತೋಟದಲ್ಲಿ ವೋಲ್ಟೇಜ್ ಕುಸಿಯುತ್ತದೆ.

ಈ ಮೋಟಾರುಗಳು ಎರಡು ಫೇಸ್ ನಡುವೆ 415 ವೋಲ್ಟಿಗೆ ಮಾಡಿದವು. 340ಕ್ಕೆ ಇಳಿದರೆ ಮೋಟಾರಿನ ತಿರುಗಿಸುವ ಬಲ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಆದರೆ ಪಂಪು ಕೇಳುವ ಕೆಲಸ ಇಳಿದಿಲ್ಲ. ಆ ಕೊರತೆ ತುಂಬಲು ಮೋಟಾರು ಜಾಸ್ತಿ ಆಂಪಿಯರ್ ಎಳೆಯುತ್ತದೆ, ವೈಂಡಿಂಗ್ ಬಿಸಿಯಾಗುತ್ತದೆ, ಗಂಟೆಗಟ್ಟಲೆ ಹೀಗೇ ಓಡಿದರೆ ಸುಟ್ಟುಹೋಗುತ್ತದೆ. ಸ್ಟಾರ್ಟರ್ ಪದೇ ಪದೇ ಬೀಳುವುದು ಈ ಬಿಸಿಯ ಮೊದಲ ಸೂಚನೆ. ಅದಕ್ಕೆ ಅಡ್ಡಕಡ್ಡಿ ಕೊಟ್ಟು ಓಡಿಸುವುದು ಮೋಟಾರನ್ನು ಕೈಯಾರೆ ಸುಟ್ಟ ಹಾಗೆ. ಮೂರು ಫೇಸಿನಲ್ಲಿ ಒಂದು ಹೋದಾಗಲೂ ಹೀಗೇ. ಮರದ ಕೊಂಬೆ ತಂತಿಗೆ ತಾಗುವ ನಮ್ಮ ಊರಲ್ಲಿ ಅದು ಅಪರೂಪವೇನಲ್ಲ. ಫೇಸ್ ಹೋದರೆ ತಾನೇ ಆಫ್ ಮಾಡುವ ಸಾಧನ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಇರಲೇಬೇಕು.

## ಸೋಲಾರ್ ಪಂಪಿನೊಳಗೆ ನಡೆಯುವುದೇನು?

ಪ್ಯಾನೆಲ್ ಬಿಸಿಲನ್ನು ವಿದ್ಯುತ್ ಮಾಡುತ್ತದೆ. ನಡುವೆ ಒಂದು ಕಂಟ್ರೋಲರ್ ಪೆಟ್ಟಿಗೆ ಇರುತ್ತದೆ. ಆ ಕ್ಷಣ ಎಷ್ಟು ಬಿಸಿಲಿದೆಯೋ ಅಷ್ಟಕ್ಕೆ ತಕ್ಕ ವೇಗದಲ್ಲಿ ಮೋಟಾರನ್ನು ತಿರುಗಿಸುವುದು ಅದರ ಕೆಲಸ. ಸಾಮಾನ್ಯವಾಗಿ ಬ್ಯಾಟರಿ ಇರುವುದಿಲ್ಲ. ಬಿಸಿಲು ಏರಿದರೆ ವೇಗ ಏರುತ್ತದೆ, ಮೋಡ ಬಂದರೆ ಇಳಿಯುತ್ತದೆ. ಕಡಿಮೆ ವೋಲ್ಟೇಜಿಗೆ ಮೋಟಾರ್ ಸುಡುವ ತೊಂದರೆ ಇಲ್ಲಿಲ್ಲ. ವಿದ್ಯುತ್ ಸಾಲದಿದ್ದರೆ ಕಂಟ್ರೋಲರೇ ನಿಧಾನ ಮಾಡಿಬಿಡುತ್ತದೆ.

ಆ ನಿಧಾನವೇ ಸ್ಪ್ರಿಂಕ್ಲರಿಗೆ ಆಗುವುದಿಲ್ಲ. ಬಿಸಿಲು ಅರ್ಧ ಆದರೆ ಪಂಪಿನ ವೇಗ ನೂರಕ್ಕೆ 80ಕ್ಕೆ ಇಳಿಯುತ್ತದೆ. ಪರವಾಗಿಲ್ಲ ಅನ್ನಿಸುತ್ತದೆ ಅಲ್ವಾ? ಆದರೆ ಪಂಪಿನ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ವೇಗ 80 ಆದರೆ ಒತ್ತಡ 64. ನಮ್ಮ ತೋಟದಲ್ಲಿ 60 ಮೀಟರ್ ತಳ್ಳುತ್ತಿದ್ದ ಪಂಪು ಈಗ 38 ಮೀಟರ್ ತಳ್ಳುತ್ತದೆ. ಅದರಲ್ಲಿ 20 ಮೀಟರ್ ಏರಿಗೇ ಹೋಯಿತು. ಗುಡ್ಡದ ಎತ್ತರ ಬಿಸಿಲು ನೋಡಿ ಕಡಿಮೆಯಾಗುವುದಿಲ್ಲ. ಉಳಿದ 18ರಲ್ಲಿ ಪೈಪಿನ ಪಾಲು ಕಳೆದರೆ ಸ್ಪ್ರಿಂಕ್ಲರಿಗೆ ಸಿಗುವುದು ಒಂದೂವರೆ ಕೆಜಿಗಿಂತ ಕಡಿಮೆ.

ಅಷ್ಟು ಕಡಿಮೆ ಪ್ರೆಶರಿನಲ್ಲಿ ಸ್ಪ್ರಿಂಕ್ಲರ್ ತಿರುಗಬಹುದು. ನೋಡಿದವರಿಗೆ ನೀರು ಬೀಳುತ್ತಿದೆ ಅಂತಲೇ ಅನ್ನಿಸುತ್ತದೆ. ಆದರೆ ನೀರು ಸಣ್ಣ ಹನಿಯಾಗಿ ಒಡೆಯುವುದಿಲ್ಲ. ದಪ್ಪ ಹನಿಯಾಗಿ ಬಳೆಯ ಆಕಾರದಲ್ಲಿ ಒಂದೇ ಸುತ್ತಿಗೆ ಬೀಳುತ್ತದೆ. ಬಳೆಯ ಒಳಗೂ ಎರಡು ಸ್ಪ್ರಿಂಕ್ಲರಿನ ನಡುವೆಯೂ ನೆಲ ಒಣಗಿಯೇ ಉಳಿಯುತ್ತದೆ. ಹತ್ತು ದಿನ ಬಿಟ್ಟು ನೋಡಿದರೆ ಒಂದು ಗಿಡ ಬೆಳ್ಳಗೆ, ಪಕ್ಕದ ಗಿಡದಲ್ಲಿ ಅರಳದ ಮೊಗ್ಗು.

ಮೋಡ ಬಂದಾಗ ಕೆಲವು ಸ್ಪ್ರಿಂಕ್ಲರ್ ಮುಚ್ಚಿ ಉಳಿದವಕ್ಕೆ ಪ್ರೆಶರ್ ಉಳಿಸಿಕೊಳ್ಳಬಹುದು. ಒಬ್ಬರು ಗೇಜ್ ನೋಡುತ್ತಾ ನಿಂತು, ಇನ್ನೊಬ್ಬರು ವಾಲ್ವ್ ತಿರುಗಿಸುತ್ತಾ ಓಡಾಡಬೇಕು. ಒಂದೆರಡು ಎಕರೆಗೆ ಇದು ನಡೆಯುತ್ತದೆ. 8 ಎಕರೆಯ ಏರು ತೋಟದಲ್ಲಿ ಜನ ಸಿಗುವುದೇ ಕಷ್ಟ.

## 8 ಎಕರೆ ಲೆಕ್ಕ, ಸೋಲಾರಿನಲ್ಲಿ

ಪಿಎಂ-ಕುಸುಮ್ ಯೋಜನೆಯಲ್ಲಿ ಒಂದೊಂದು ರೈತರ ಪಂಪಿಗೆ ಸಿಗುವ ಸಹಾಯಧನ 7.5 ಎಚ್‌ಪಿವರೆಗಿನ ಲೆಕ್ಕದಲ್ಲಿದೆ. ಆ ಪಂಪಿಗೆ ಸುಮಾರು 6,750 ವ್ಯಾಟ್ ಪ್ಯಾನೆಲ್ ಬರುತ್ತದೆ. ಒಳ್ಳೆಯ ಬಿಸಿಲಿನಲ್ಲಿ, ಬಿಸಿಗೆ ಪ್ಯಾನೆಲ್ ಕಳೆದುಕೊಳ್ಳುವುದು, ಮೋಟಾರ್ ಮತ್ತು ಪಂಪಿನ ನಷ್ಟ ಎಲ್ಲ ಬಿಟ್ಟು, 60 ಮೀಟರ್ ಹೆಡ್ಡಿಗೆ ಗಂಟೆಗೆ 14-15 ಸಾವಿರ ಲೀಟರ್ ಸಿಗಬಹುದು.

ಸ್ಪ್ರಿಂಕ್ಲರಿಗೆ ಬೇಕಾದ ಪೂರ್ತಿ ಪ್ರೆಶರ್ ಬರುವುದು ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ, ಅಂದರೆ 5 ಗಂಟೆ. ದಿನಕ್ಕೆ ಸುಮಾರು 73 ಸಾವಿರ ಲೀಟರ್. 12 ಲಕ್ಷ ಚಿಲ್ಲರೆ ಮುಗಿಸಲು 17 ದಿನ ಬೇಕು.

17 ದಿನ ಆದರೆ ಏನಾಯಿತು, ಒಂದೊಂದು ಭಾಗ ಒಂದೊಂದು ದಿನ ಹೂ ಬಿಡಲಿ ಅನ್ನಬಹುದು. ತೊಂದರೆ ಎರಡು. ಕೊನೆಯ ಭಾಗದ ಮೊಗ್ಗು ಅಷ್ಟು ದಿನ ಒಣ ಬಿಸಿಲಿನಲ್ಲಿ ಕಾಯಬೇಕು. ಅಷ್ಟರಲ್ಲಿ ಮೊದಲ ಭಾಗದ ಹೂ ಉದುರಿ ಅದರ ಬ್ಯಾಕಿಂಗ್ ದಿನ ಹತ್ತಿರ ಬಂದಿರುತ್ತದೆ. ಅಂದರೆ ಒಂದು ಸುತ್ತು ಮುಗಿಸಿ ಉಸಿರು ಬಿಡುವ ಮೊದಲೇ ಎರಡನೇ ಸುತ್ತು ಶುರು. ನಡುವೆ ನಾಲ್ಕು ದಿನ ಮೋಡ ಕವಿದು ಮಳೆ ಬಾರದೆ ಹೋದರೆ ಇಡೀ ಲೆಕ್ಕ ತಪ್ಪುತ್ತದೆ.

ಆದ್ದರಿಂದ ಈ ಗಾತ್ರದ ತೋಟದಲ್ಲಿ ಹೂ ಮಳೆಯ ಸ್ಪ್ರಿಂಕ್ಲರಿಗೆ ಸೋಲಾರ್ ಪಂಪನ್ನೇ ನೆಚ್ಚಿಕೊಳ್ಳಬೇಡಿ ಎಂದೇ ಹೇಳುತ್ತೇನೆ. ಎರಡು, ಮೂರು ಎಕರೆಯ ಸಮತಟ್ಟು ತೋಟವಾದರೆ ಮಾತು ಬೇರೆ. ಅಲ್ಲಿ 20 ಮೀಟರ್ ಏರು ಇಲ್ಲ, ನೀರೂ ಕಡಿಮೆ ಸಾಕು. ಅದೇ ಪಂಪು ವಾರದೊಳಗೆ ಮುಗಿಸುತ್ತದೆ.

## ಸೋಲಾರಿಗೆ ಅದರ ಕೆಲಸ ಕೊಟ್ಟರೆ

ಕರೆಂಟ್ ಇದ್ದರೂ ಎಷ್ಟೋ ತೋಟಗಳಲ್ಲಿ ಇನ್ನೊಂದು ಕೊರತೆ ಇದೆ. ಫೆಬ್ರವರಿಗೆ ಕೆರೆಯೇ ತಳ ಕಂಡಿರುತ್ತದೆ. ಬೋರ್‌ವೆಲ್ ನೀರನ್ನು ನೇರ ಸ್ಪ್ರಿಂಕ್ಲರಿಗೆ ಬಿಡೋಣ ಅಂದರೆ ಅದು ಗಂಟೆಗೆ 25 ಸಾವಿರ ಲೀಟರ್ ಕೊಡುವುದಿಲ್ಲ. ನಿಧಾನವಾಗಿ ಬರುವ ನೀರನ್ನು ಬಹಳ ದಿನ ಕೂಡಿಡಬೇಕು. ಇದು ಸೋಲಾರ್ ಪಂಪಿಗೆ ಹೇಳಿ ಮಾಡಿಸಿದ ಕೆಲಸ. ತೊಟ್ಟಿಗೆ ಸುರಿಯುವ ನೀರಿಗೆ ಪ್ರೆಶರ್ ಬೇಡ. ಬೆಳಿಗ್ಗೆ 9ಕ್ಕೆ ಮಂಜು ಕರಗಿ ಸಣ್ಣಗೆ ಶುರುವಾದರೂ ಬಂದ ಅಷ್ಟೂ ನೀರು ಲಾಭವೇ.

ಅದೇ 8 ಎಕರೆ ತೋಟಕ್ಕೆ ಹೀಗೆ ಮಾಡಬಹುದು. ಗದ್ದೆಯ ಅಂಚಿನಲ್ಲಿ 30 ಮೀಟರ್ ಉದ್ದ, 20 ಮೀಟರ್ ಅಗಲ, 3 ಮೀಟರ್ ಆಳದ ಹೊಂಡ. ಬದಿಗಳನ್ನು ಇಳಿಜಾರಾಗಿ ತೆಗೆದರೆ ಅದರಲ್ಲಿ 13 ಲಕ್ಷದ 80 ಸಾವಿರ ಲೀಟರಿನಷ್ಟು ಹಿಡಿಯುತ್ತದೆ. ಒಂದು ಹೂ ಮಳೆಗೆ ಸಾಕು. ತಳಕ್ಕೆ ಹಾಳೆ ಹಾಸದಿದ್ದರೆ ಇಂಗಿ ಹೋಗುತ್ತದೆ. ಹಾಸಿದರೆ ಹೋಗುವುದು ಆವಿ ಮಾತ್ರ, ದಿನಕ್ಕೆ ಎರಡೂವರೆ ಸಾವಿರ ಲೀಟರ್ ಆಸುಪಾಸು.

ಬೋರ್‌ವೆಲ್ಲಿಗೆ 3 ಎಚ್‌ಪಿ ಸೋಲಾರ್ ಪಂಪ್. ಈ ಪಂಪಿಗೆ 3,000 ವ್ಯಾಟ್ ಪ್ಯಾನೆಲ್. 70 ಮೀಟರ್ ಹೆಡ್ಡಿಗೆ ಸರ್ಕಾರದ ಮಾನದಂಡದ ಪ್ರಕಾರ ಒಳ್ಳೆಯ ಬಿಸಿಲಿನ ದಿನ ಪ್ರತಿ ವ್ಯಾಟಿಗೆ 13-14 ಲೀಟರ್ ಕೊಡಬೇಕು, ಅಂದರೆ 40 ಸಾವಿರ ಲೀಟರ್. ನಮ್ಮ ಮಂಜು, ಮರದ ನೆರಳು ಎಲ್ಲ ಕಳೆದು 30 ಸಾವಿರ ಅಂತಲೇ ಇಟ್ಟುಕೊಳ್ಳೋಣ. ಡಿಸೆಂಬರ್ ಮಧ್ಯಕ್ಕೆ ಶುರು ಮಾಡಿದರೆ ಒಂದೂವರೆ ತಿಂಗಳಲ್ಲಿ, ಫೆಬ್ರವರಿ ಹೊತ್ತಿಗೆ, ಹೊಂಡ ತುಂಬುತ್ತದೆ.

ಆಮೇಲೆ ಹೊಂಡದಿಂದ ಸ್ಪ್ರಿಂಕ್ಲರಿಗೆ ತಳ್ಳುವ ಕೆಲಸ 10 ಎಚ್‌ಪಿ ಕರೆಂಟ್ ಮೋಟಾರಿನದು. ಕರೆಂಟ್ ಇಲ್ಲದ ಹೊತ್ತಿಗೆ ಡೀಸೆಲ್ ಎಂಜಿನ್. ಹೂ ಮಳೆ ಮುಗಿಸಿ ಬ್ಯಾಕಿಂಗ್ ಬರುವಷ್ಟರಲ್ಲಿ ಸೋಲಾರ್ ಪಂಪು ಸುಮಾರು 25 ದಿನ ಹೊಂಡಕ್ಕೆ ನೀರು ಸುರಿದಿರುತ್ತದೆ, ಏಳೂವರೆ ಲಕ್ಷ ಲೀಟರ್. ಹೊಂಡದಲ್ಲಿ ಉಳಿದಿದ್ದು ಸೇರಿದರೆ 8 ಎಕರೆಗೆ ಒಂದು ಇಂಚು ಬ್ಯಾಕಿಂಗ್ ಆಗುತ್ತದೆ.

ಇದಕ್ಕೆ ಒಂದು ಷರತ್ತು. ಬೋರ್‌ವೆಲ್ ಗಂಟೆಗೆ 5-6 ಸಾವಿರ ಲೀಟರ್ ಕೊಡುವಂತಿರಬೇಕು, ಅದೂ ಮಾರ್ಚಿನಲ್ಲಿ. ಮಳೆಗಾಲದಲ್ಲಿ ಅಳೆದರೆ ಮೋಸ ಹೋಗುತ್ತೀರಿ. ನೀರು ಕೆಳಗಿಳಿದಾಗ ಪಂಪು ಒಣಗಿ ತಿರುಗದಂತೆ ಕಂಟ್ರೋಲರ್ ನಿಲ್ಲಿಸುತ್ತದೆಯೇ ಎಂದು ಹಾಕಿಸುವ ದಿನವೇ ಪರೀಕ್ಷಿಸಿ.

ಬೇಸಿಗೆಯಲ್ಲಿ ಅಡಿಕೆ, ಕರಿಮೆಣಸಿನ ಬಳ್ಳಿ, ನರ್ಸರಿ ಗಿಡಗಳಿಗೆ ಹನಿ ನೀರಾವರಿ ಇದ್ದರೆ ಅದಕ್ಕೂ ಇದೇ ಪಂಪು ಸಾಕು. ಹನಿ ನೀರಾವರಿಗೆ ಒಂದು ಕೆಜಿ ಆಸುಪಾಸಿನ ಪ್ರೆಶರ್ ಸಾಲುತ್ತದೆ.

## ಪ್ಯಾನೆಲ್ ಎಲ್ಲಿಡುವುದು?

ಕೊಡಗಿನಲ್ಲಿ ಇದೇ ದೊಡ್ಡ ತಲೆನೋವು. ಕಾಫಿ ನೆರಳಿನ ಬೆಳೆ. ಸಿಲ್ವರ್, ಹಾಲುವಾಣ, ಕಾಡುಮರ ಇಲ್ಲದ ಜಾಗವೇ ಕಡಿಮೆ. ಪ್ಯಾನೆಲ್‌ಗಳನ್ನು ಸರಪಳಿಯಂತೆ ಒಂದಕ್ಕೊಂದು ಜೋಡಿಸಿರುತ್ತಾರೆ. ಸಾಲಿನ ಒಂದೆರಡು ಪ್ಯಾನೆಲ್ಲಿನ ಮೇಲೆ ಒಂದು ಕೊಂಬೆಯ ನೆರಳು ಬಿದ್ದರೂ ಇಡೀ ಸಾಲಿನ ವಿದ್ಯುತ್ತು ಕುಗ್ಗುತ್ತದೆ. ಕಾಲುವೆಯ ಒಂದು ಕಡೆ ಕಸ ಕಟ್ಟಿದರೆ ಮುಂದಕ್ಕೆ ನೀರು ಹರಿಯದ ಹಾಗೆ.

ಗದ್ದೆ ಬದು, ಕೆರೆ ಏರಿ, ಕಾಫಿ ಕಣದ ಪಕ್ಕ, ಇವು ಸಾಮಾನ್ಯವಾಗಿ ಸಿಗುವ ಬಯಲು. ಜಾಗ ನೋಡುವುದಾದರೆ ಜನವರಿಯಲ್ಲಿ ನೋಡಿ. ಆಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನೆರಳು ಉದ್ದ. ಬೆಳಿಗ್ಗೆ 9ಕ್ಕೆ, 12ಕ್ಕೆ, 3ಕ್ಕೆ ಮೂರು ಸಲ ಅಲ್ಲಿ ನಿಂತು ದಕ್ಷಿಣದ ಕಡೆಯ ಮರಗಳ ನೆರಳು ಎಲ್ಲಿ ಬೀಳುತ್ತದೆ ಅಂತ ಗೂಟ ಹೊಡೆದು ಗುರುತು ಮಾಡಿ. ಮಳೆಗಾಲದ ನಂತರ ಪ್ಯಾನೆಲ್ ಮೇಲೆ ಪಾಚಿ ಕಟ್ಟಿರುತ್ತದೆ. ನವೆಂಬರಿನಲ್ಲಿ ಬರೀ ನೀರು, ಮೆತ್ತನೆ ಬಟ್ಟೆಯಿಂದ ಒರೆಸಿ. ಏಪ್ರಿಲ್, ಮೇ ಸಿಡಿಲಿಗೆ ಅರ್ತಿಂಗ್ ಸರಿಯಿಲ್ಲದಿದ್ದರೆ ಮೊದಲು ಹೋಗುವುದು ಕಂಟ್ರೋಲರ್. ಸಿದ್ದಾಪುರದ ಕಡೆಯಂತೆ ಆನೆ ಓಡಾಡುವ ಜಾಗವಾದರೆ ಅವು ನೀರಿಗಿಳಿಯುವ ದಾರಿಯಲ್ಲಿ ಮಾತ್ರ ಕಂಬ ನೆಡಬೇಡಿ.

## ದುಡ್ಡು

ಕುಸುಮ್ ಯೋಜನೆಯ ಬಿ ಭಾಗದಲ್ಲಿ ಕರ್ನಾಟಕದಲ್ಲಿ ಕೇಂದ್ರ 30, ರಾಜ್ಯ 50, ರೈತ 20 ಪಾಲು ಎಂಬ ಲೆಕ್ಕ ಜಾರಿಗೆ ಬಂದಿದೆ. ಇದು ಕರೆಂಟ್ ಲೈನ್ ಇಲ್ಲದ ಕಡೆಗೆ ಮಾಡಿದ ಯೋಜನೆ. ಈಗಾಗಲೇ ಪಂಪಿಗೆ ಕರೆಂಟ್ ಇರುವವರು, ಪಹಣಿಯಲ್ಲಿ ಕಾಫಿ ಇರುವವರು ತಮಗೆ ಅನ್ವಯಿಸುತ್ತದೆಯೇ ಎಂದು ಅರ್ಜಿ ಹಾಕುವ ಮೊದಲು ಕೇಳಿಕೊಳ್ಳಿ. ಕರೆಂಟ್ ಬಿಲ್ಲಿನ ವಿಷಯದಲ್ಲೂ ಅಷ್ಟೇ. ಕಾಫಿ, ಟೀ, ರಬ್ಬರ್ ತೋಟಗಳಿಗೆ ದರಪಟ್ಟಿಯಲ್ಲಿ ಬೇರೆಯೇ ವರ್ಗ ಇದೆ. ಗದ್ದೆಯ ಪಂಪಿನ ಬಿಲ್ಲನ್ನು ತೋಟದ ಪಂಪಿಗೆ ಹೋಲಿಸಬೇಡಿ.

## ಕೊಳ್ಳುವ ಮೊದಲು ಒಂದು ನೋಟ್‌ಬುಕ್

ನಿಮ್ಮ ತೋಟದ ಉತ್ತರ ನಿಮ್ಮ ತೋಟದಲ್ಲೇ ಇದೆ, 15 ದಿನ ಬರೆದಿಟ್ಟರೆ ಸಿಗುತ್ತದೆ. ಫೆಬ್ರವರಿಯಲ್ಲಿ, ಸುತ್ತಲಿನವರೂ ಮೋಟಾರ್ ಹಾಕಿರುವ ಹೊತ್ತಿಗೆ, ನಿಮ್ಮ ಮೋಟಾರ್ ಓಡುತ್ತಿರುವಾಗಲೇ ಸ್ಟಾರ್ಟರಿನ ವೋಲ್ಟ್‌ಮೀಟರ್ ನೋಡಿ ಬರೆಯಿರಿ. ಮೋಟಾರ್ ನಿಂತಿರುವಾಗ ಎಲ್ಲ ಕಡೆಯೂ ವೋಲ್ಟೇಜ್ ಚೆನ್ನಾಗೇ ಕಾಣುತ್ತದೆ. 380ರ ಮೇಲಿದ್ದರೆ ನಿಶ್ಚಿಂತೆ. 350ರ ಕೆಳಗೆ ಇಳಿದ ಗಂಟೆಗಳನ್ನು ಕರೆಂಟ್ ಇಲ್ಲದ ಗಂಟೆ ಅಂತಲೇ ಎಣಿಸಿ. ಕೊನೆಗೆ ದಿನಕ್ಕೆ ನಿಜವಾಗಿ ಎಷ್ಟು ಗಂಟೆ ಸಿಕ್ಕಿತು ಅಂತ ಸರಾಸರಿ ತೆಗೆಯಿರಿ.

ನಿಮ್ಮ ಎಕರೆಗೆ ಬೇಕಾದ ಲೀಟರನ್ನು ಮೋಟಾರ್ ಗಂಟೆಗೆ ಕೊಡುವ ಲೀಟರಿನಿಂದ ಭಾಗಿಸಿ, ಬಂದ ಗಂಟೆಯನ್ನು ಆ ಸರಾಸರಿಯಿಂದ ಭಾಗಿಸಿ. ಉತ್ತರ 10 ದಿನದೊಳಗೆ ಬಂದರೆ ನಿಮಗೆ ಬೇಕಾಗಿರುವುದು ಸೋಲಾರ್ ಅಲ್ಲ, ಮೋಟಾರ್ ಉಳಿಸುವ ಒಳ್ಳೆಯ ಸ್ಟಾರ್ಟರ್. 10 ದಾಟಿದರೆ, ಕೊರತೆ ಇರುವುದು ನೀರಿನದಾ ಕರೆಂಟಿನದಾ ನೋಡಿ. ನೀರಿನದಾದರೆ ಹೊಂಡ ಮತ್ತು ಸೋಲಾರ್. ಕರೆಂಟಿನದಾದರೆ ಆ ಕೆಲವು ದಿನಕ್ಕೆ ಡೀಸೆಲ್ ಎಂಜಿನ್ನೇ ಇನ್ನೂ ಅಗ್ಗ ಬೀಳಬಹುದು.

ಸ್ಪ್ರಿಂಕ್ಲರ್ ಓಡಿಸುವ ದಿನ ಇನ್ನೊಂದು ಕೆಲಸ ಮಾಡಿ. ನಾಲ್ಕು ಸ್ಪ್ರಿಂಕ್ಲರಿನ ನಡುವಿನ ಚೌಕದಲ್ಲಿ ನೇರ ಬದಿಯ ಹತ್ತು ಖಾಲಿ ಡಬ್ಬ ಅಲ್ಲಲ್ಲಿ ಇಡಿ. ಪೈಪ್ ಬದಲಿಸುವ ಮುಂಚೆ ಸ್ಕೇಲ್ ಹಿಡಿದು ಅಳೆಯಿರಿ. ಒಂದೂವರೆ ಇಂಚು ಅಂದರೆ 38 ಮಿಲಿಮೀಟರ್. ಒಂದು ಡಬ್ಬದಲ್ಲಿ 50, ಇನ್ನೊಂದರಲ್ಲಿ 15 ಇದ್ದರೆ ಪ್ರೆಶರ್ ಸಾಲುತ್ತಿಲ್ಲ. ಪಂಪು ಯಾವುದರಿಂದ ಓಡುತ್ತಿದ್ದರೂ ಮೊದಲು ಸರಿಮಾಡಬೇಕಾಗಿರುವುದು ಅದು.